ಮೂರು ತಿಂಗಳು ಬೇರೆ, 90 ದಿನ ಬೇರೆ: ರಕ್ತದಾನದ ಅಂತರದ ಬಗ್ಗೆ ಸ್ಪಷ್ಟನೆ

“ರಕ್ತ ಕೊಟ್ಟು ಮೂರು ತಿಂಗಳಾದರೆ ಗಂಡಸರು, ಹೆಂಗಸರು ಯಾರು ಬೇಕಾದರೂ ಅದೇ ತಾರೀಖಿಗೆ ಮತ್ತೆ ಕೊಡಬಹುದಂತೆ, ನಿಜವೇ?”

ನಿಜವಲ್ಲ. ನಮ್ಮ ದೇಶದ ನಿಯಮದಲ್ಲಿ ಪೂರ್ಣ ರಕ್ತದಾನಕ್ಕೆ ಪುರುಷರಿಗೆ 90 ದಿನ, ಮಹಿಳೆಯರಿಗೆ 120 ದಿನಗಳ ಅಂತರ ಕಡ್ಡಾಯ. ಹೋದ ರಕ್ತದ ದ್ರವಾಂಶ ಒಂದೆರಡು ದಿನಗಳಲ್ಲಿ ತುಂಬಿಕೊಂಡರೂ ಕಬ್ಬಿಣಾಂಶ ಮರಳಲು ತಿಂಗಳುಗಳೇ ಬೇಕು. ಮುಟ್ಟಿನಲ್ಲೂ ಕಬ್ಬಿಣಾಂಶ ಕಳೆದುಕೊಳ್ಳುವ ಮಹಿಳೆಯರಿಗೆ ಇನ್ನಷ್ಟು ಕಾಲ ಬೇಕು.

ಹಾಸನದ ಶಿಬಿರವೊಂದರಲ್ಲಿ 2026ರ ಫೆಬ್ರವರಿ 10ರಂದು ದಂಪತಿ ರಕ್ತ ಕೊಟ್ಟರೆನ್ನಿ. ಕೊಟ್ಟ ದಿನವನ್ನು ಸೊನ್ನೆಯೆಂದು ಹಿಡಿದು ಮರುದಿನದಿಂದ ಎಣಿಸಬೇಕು. ಫೆಬ್ರವರಿಯಲ್ಲಿ ಉಳಿದದ್ದು 18 ದಿನ, ಮಾರ್ಚ್ ಸೇರಿದರೆ 49, ಏಪ್ರಿಲ್ ಸೇರಿದರೆ 79. ಇನ್ನು 11 ದಿನ ಕೂಡಿಸಿದಾಗ ಪತಿಯ ದಿನ ಮೇ 11. ಮೇ 10ಕ್ಕೇ ಹೋದರೆ 89 ದಿನವಷ್ಟೇ ಆಗಿರುವುದರಿಂದ ರಕ್ತನಿಧಿಯವರು ವಾಪಸು ಕಳಿಸಬಹುದು. ಪತ್ನಿಯ ಲೆಕ್ಕ ಮೇ ಮುಗಿಯುವಾಗ 110ಕ್ಕೆ ಬರುತ್ತದೆ, ಆದ್ದರಿಂದ ಅವರ ದಿನ ಜೂನ್ 10. ಇದೇ ದಾನ ಜುಲೈ 12ರಂದು ಆಗಿದ್ದರೆ, ನಡುವೆ 31 ದಿನಗಳ ತಿಂಗಳುಗಳು ಬರುವುದರಿಂದ, ಪತಿ ಅಕ್ಟೋಬರ್ 10ಕ್ಕೇ ಅರ್ಹರಾಗುತ್ತಿದ್ದರು.

ದಾನಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಡುವ ಸಂಘಟಕರು, A2 ಕೋಶದಲ್ಲಿ ದಾನದ ದಿನಾಂಕವಿದ್ದರೆ, ಪಕ್ಕದಲ್ಲಿ ಇಷ್ಟು ಬರೆದರೆ ಸಾಕು. ಮಹಿಳೆಯರಿಗೆ 90ರ ಬದಲು 120 ಹಾಕಬೇಕು.

```
=A2+90
```

ಹೀಗೆ ಬರುವುದು ಅತಿ ಬೇಗನೆ ಕೊಡಬಹುದಾದ ದಿನ ಮಾತ್ರ. ಅಂದು ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆ ಕಂಡರೆ, ದಿನ ತುಂಬಿದ್ದರೂ ರಕ್ತ ತೆಗೆದುಕೊಳ್ಳುವುದಿಲ್ಲ.