ಐದು ವರ್ಷಕ್ಕೆ ಬೇಕಾದ ಕಾಫಿ ದುಡ್ಡು: ಟಾರ್ಗೆಟ್ ಮೆಚ್ಯೂರಿಟಿ ಫಂಡಿಗೆ ಹಾಕಬಹುದೇ?

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ರೊಬಸ್ಟಾ ಮಾರಿ, ಕೂಲಿ, ಗೊಬ್ಬರ, ಬೆಳೆಸಾಲ ಎಲ್ಲ ತೀರಿಸಿದ ಮೇಲೆ ಕೈಯಲ್ಲಿ ಹತ್ತು ಲಕ್ಷ ಉಳಿದಿದೆ ಎಂದಿಟ್ಟುಕೊಳ್ಳೋಣ. ಮಗಳು ಈಗ ಏಳನೇ ಕ್ಲಾಸು. ಐದು ವರ್ಷ ಕಳೆದರೆ ಕಾಲೇಜು ಫೀಸು ಕಟ್ಟಬೇಕು. ಈ ದುಡ್ಡನ್ನು ಟಾರ್ಗೆಟ್ ಮೆಚ್ಯೂರಿಟಿ ಫಂಡಿನಲ್ಲಿ, ಅಂದರೆ ಮೊದಲೇ ಗೊತ್ತಾದ ದಿನ ಮುಗಿಯುವ ಸಾಲಪತ್ರಗಳ ಫಂಡಿನಲ್ಲಿ, ಇಡಬೇಕೇ ಎಂಬ ಬಗ್ಗೆ ಇಬ್ಬರ ವಾದ ಇಲ್ಲಿದೆ. ಪರ ಮಾತಾಡುವವರು ಚಿಕ್ಕಮಗಳೂರಿನವರು, ವಿರೋಧಿಸುವವರು ಹಾಸನದವರು.

ಪರ: ದಿನ ಗೊತ್ತಿದ್ದರೆ ದರವನ್ನೂ ಕಟ್ಟಿಹಾಕಬಹುದು

ಸಾಲಪತ್ರ ಎಂದರೆ ಮುಂದೆ ಬರುವ ದುಡ್ಡನ್ನೆಲ್ಲ ಮೊದಲೇ ಬರೆದಿಟ್ಟ ಕಾಗದ. ಆರು ತಿಂಗಳಿಗೊಮ್ಮೆ ಇಷ್ಟು ಬಡ್ಡಿ, ಇಂಥ ದಿನ ಅಸಲು ವಾಪಸ್. ಇಂದು ಎಷ್ಟು ಬೆಲೆ ಕೊಟ್ಟು ಕೊಂಡಿರಿ ಎಂಬುದು ಗೊತ್ತು, ಮುಂದೆ ಎಷ್ಟು ಬರುತ್ತದೆ ಎಂಬುದೂ ಗೊತ್ತು. ಎರಡನ್ನೂ ಹೊಂದಿಸಿ ಲೆಕ್ಕ ಹಾಕಿದ ವಾರ್ಷಿಕ ದರಕ್ಕೆ ವೈಟಿಎಂ ಎನ್ನುತ್ತಾರೆ. ನಡುವೆ ಮಾರುಕಟ್ಟೆಯಲ್ಲಿ ಆ ಪತ್ರದ ಬೆಲೆ ಏರಲಿ, ಇಳಿಯಲಿ, ಕೊನೆಯ ದಿನದವರೆಗೆ ಹಿಡಿದುಕೊಂಡವರಿಗೆ ಸಿಗುವುದು ಬರೆದಿಟ್ಟ ದುಡ್ಡೇ.

ಹಲವರ ದುಡ್ಡು ಸೇರಿಸಿ ಸಾಲಪತ್ರ ಕೊಳ್ಳುವ ಸಾಮಾನ್ಯ ಡೆಟ್ ಫಂಡಿನಲ್ಲಿ ಈ ಕೊನೆಯ ದಿನ ಬರುವುದೇ ಇಲ್ಲ. ಮ್ಯಾನೇಜರ್ ಹಳೆಯ ಪತ್ರ ಮಾರಿ ಹೊಸದು ಕೊಳ್ಳುತ್ತಲೇ ಇರುತ್ತಾರೆ. ಟಾರ್ಗೆಟ್ ಮೆಚ್ಯೂರಿಟಿ ಫಂಡಿನ ಹೆಸರಿನಲ್ಲೇ ತಿಂಗಳು ಮತ್ತು ವರ್ಷ ಇರುತ್ತದೆ. ಅದರಲ್ಲಿ ಆ ದಿನಾಂಕದೊಳಗೆ ಮುಗಿಯುವ ಕೇಂದ್ರ ಸರ್ಕಾರದ ಪತ್ರಗಳು, ರಾಜ್ಯಗಳ ಅಭಿವೃದ್ಧಿ ಸಾಲಪತ್ರಗಳು ಅಥವಾ ಸಾರ್ವಜನಿಕ ವಲಯದ ಕಂಪನಿಗಳ ಅತ್ಯುನ್ನತ ರೇಟಿಂಗಿನ ಎಎಎ ಬಾಂಡುಗಳು ಹೆಚ್ಚಾಗಿ ಇರುತ್ತವೆ. ಕೊನೆಯ ದಿನ ಫಂಡ್ ಮುಚ್ಚಿ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮ ದೇಶದಲ್ಲಿ ಈ ಬಗೆ ಜನರ ಬಾಯಿಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ, ಷೇರಿನಂತೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಭಾರತ್ ಬಾಂಡ್ ಇಟಿಎಫ್ ಶುರುವಾದಾಗ. ಮೊದಲ ಎರಡು ಕಂತುಗಳಲ್ಲಿ ಒಂದು 2023ರ ಏಪ್ರಿಲ್‌ಗೆ, ಇನ್ನೊಂದು 2030ರ ಏಪ್ರಿಲ್‌ಗೆ ಮುಗಿಯುವಂಥದ್ದು.

ಬೆಳೆಗಾರರ ಹತ್ತು ಲಕ್ಷಕ್ಕೆ ಬರೋಣ. ವೈಟಿಎಂ ಶೇ 7, ಫಂಡಿನ ಖರ್ಚು ಶೇ 0.2 ಎಂದುಕೊಂಡರೆ ಕೈಗೆ ಸಿಗುವುದು ಶೇ 6.8. ಐದು ವರ್ಷಕ್ಕೆ ಸುಮಾರು 13.89 ಲಕ್ಷ.

ಕೊಂಡ ಮರುದಿನವೇ ಮಾರುಕಟ್ಟೆ ದರ ಶೇ 8ಕ್ಕೆ ಏರಿತು ಎನ್ನಿ. ಹೊಸ ಪತ್ರಗಳು ಹೆಚ್ಚು ಬಡ್ಡಿ ಕೊಡುವುದರಿಂದ ಹಳೆಯವುಗಳ ಬೆಲೆ ಇಳಿಯುತ್ತದೆ. ಫಂಡಿನ ಬೆಲೆ ಶೇ 4ರಷ್ಟು ಬಿದ್ದು ಆ್ಯಪ್‌ನಲ್ಲಿ 9.60 ಲಕ್ಷ ಎಂದು ಕೆಂಪಕ್ಷರದಲ್ಲಿ ಕಾಣುತ್ತದೆ. ಹೆಚ್ಚಿನವರು ಹೆದರಿ ಹೊರಬರುವುದು ಇಲ್ಲೇ. ಆದರೆ ಅಂದಿನಿಂದ ಆ 9.60 ಲಕ್ಷ ಖರ್ಚು ಕಳೆದು ಶೇ 7.8ರಂತೆ ಬೆಳೆಯುತ್ತದೆ. ಐದನೇ ವರ್ಷಕ್ಕೆ 13.97 ಲಕ್ಷ. ದರ ಶೇ 6ಕ್ಕೆ ಇಳಿದರೆ ಮೊದಲು 10.42 ಲಕ್ಷ ಕಂಡು ಖುಷಿಯಾಗುತ್ತದೆ, ಕೊನೆಗೆ ಕೈಗೆ ಬರುವುದು 13.81 ಲಕ್ಷ. ಅಂದರೆ ದರ ಆಚೆ ಈಚೆ ಒಂದು ಶೇಕಡಾ ಓಡಾಡಿದರೂ ಕೊನೆಯ ಮೊತ್ತ ಅಲುಗುವುದು ಎಂಟು ಸಾವಿರ ರೂಪಾಯಿಯಷ್ಟು.

ಇನ್ನೊಂದು ಸಂಗತಿ: ವರ್ಷ ಕಳೆದಂತೆ ಈ ಓಲಾಟವೂ ಸಣ್ಣದಾಗುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಆಗ 2023ಕ್ಕೆ ಮುಗಿಯಬೇಕಿದ್ದ ಫಂಡಿಗೆ ಉಳಿದದ್ದೇ ಕೆಲವು ತಿಂಗಳು. ಹಾಗಾಗಿ 2030ರದಕ್ಕೆ ಬಿದ್ದ ಪೆಟ್ಟು ಅದಕ್ಕೆ ತಾಗಲಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಹೆಚ್ಚಿಲ್ಲ. ಫಂಡ್ ಕಂಪನಿ ತಿಂಗಳಿಗೊಮ್ಮೆ ಹೊರಡಿಸುವ ಫ್ಯಾಕ್ಟ್‌ಶೀಟ್‌ನಲ್ಲಿ ವೈಟಿಎಂ, ದರ ಬದಲಾದರೆ ಬೆಲೆ ಎಷ್ಟು ಓಲಾಡುತ್ತದೆ ಎಂದು ತಿಳಿಸುವ ಡ್ಯುರೇಷನ್, ಖರ್ಚಿನ ದರ ಮೂರೂ ಇರುತ್ತವೆ. ಅಲ್ಲಿರುವ ವೈಟಿಎಂ ಹಿಂದಿನ ತಿಂಗಳ ಕೊನೆಯದು. ನಿಮಗೆ ಕಟ್ಟಿಹಾಕಲು ಸಿಗುವುದು ನೀವು ಕೊಂಡ ದಿನದ ದರ. ಕಂತು ಕಂತಾಗಿ ಹಾಕಿದರೆ ಪ್ರತಿ ಕಂತಿಗೂ ಬೇರೆ ದರ. ಇಟಿಎಫ್‌ಗೆ ಡಿಮ್ಯಾಟ್ ಖಾತೆ ಬೇಕು, ಮಾರುವಾಗ ನಿಜ ಬೆಲೆಗಿಂತ ಕಡಿಮೆಗೆ ಕೇಳುವವರೇ ಸಿಗಬಹುದು. ಫಂಡ್ ಕಂಪನಿಗೇ ಮಾರಿ ಹೊರಬರಬಹುದಾದ ಇಂಡೆಕ್ಸ್ ಫಂಡ್ ರೂಪದ್ದಾದರೆ ಈ ತಲೆನೋವಿಲ್ಲ. ಡೈರೆಕ್ಟ್ ಪ್ಲಾನನ್ನೇ ಆರಿಸಿಕೊಳ್ಳಿ: ಏಜೆಂಟರ ಮೂಲಕ ಕೊಂಡು ವರ್ಷಕ್ಕೆ ಶೇ 0.3 ಹೆಚ್ಚು ಖರ್ಚಾದರೆ 13.89 ಲಕ್ಷ 13.70ಕ್ಕೆ ಇಳಿಯುತ್ತದೆ. ದರ ಏರಿಳಿದು ಆಗುವ ವ್ಯತ್ಯಾಸಕ್ಕಿಂತ ಇದು ದೊಡ್ಡದು!

ಎಫ್‌ಡಿಗೆ ಹೋಲಿಸಿದರೆ ಎರಡು ಅನುಕೂಲ. ಬ್ಯಾಂಕ್ ಠೇವಣಿಗೆ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ ಐದು ಲಕ್ಷಕ್ಕೆ ಮಾತ್ರ. ಸಹಕಾರಿ ಬ್ಯಾಂಕಿನಲ್ಲಿ ಹತ್ತು ಲಕ್ಷ ಇಟ್ಟವರು ಇದನ್ನು ನೆನಪಿಡಬೇಕು. ಎರಡನೆಯದು ತೆರಿಗೆ. ಎಫ್‌ಡಿ ಬಡ್ಡಿಗೆ ವರ್ಷ ವರ್ಷವೂ ತೆರಿಗೆ, ಫಂಡಿನ ಲಾಭಕ್ಕೆ ದುಡ್ಡು ತೆಗೆದ ವರ್ಷ ಮಾತ್ರ. ಶೇ 30ರ ಸ್ಲ್ಯಾಬಿನಲ್ಲಿರುವವರಿಗೆ ಅದೇ ಶೇ 6.8ರ ಎಫ್‌ಡಿ ಸೆಸ್ ಸೇರಿದ ತೆರಿಗೆ ಕಳೆದು 12.57 ಲಕ್ಷವಾದರೆ ಫಂಡ್ 12.68 ಲಕ್ಷ ಕೊಡುತ್ತದೆ. ದೊಡ್ಡ ಮೊತ್ತವಲ್ಲ, ಆದರೂ ಕಟ್ಟಬೇಕಾದ ತೆರಿಗೆಯ ದುಡ್ಡು ಐದು ವರ್ಷ ನಿಮ್ಮ ಪರವಾಗಿ ದುಡಿದದ್ದರ ಫಲ ಅದು.

ವಿರೋಧ: ಬೀಗ ಇದೆ, ಆದರೆ ಸಡಿಲ

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕಕ್ಕೆ ಬಾರದೆ ಉಳಿದದ್ದರ ಬಗ್ಗೆ ನನ್ನ ತಕರಾರು.

ವೈಟಿಎಂ ಪೂರ್ತಿ ಸಿಗಬೇಕಾದರೆ ನಡುವೆ ಬಂದ ಬಡ್ಡಿಯನ್ನು ಅದೇ ದರಕ್ಕೆ ಮತ್ತೆ ಹೂಡಬೇಕು. ಫಂಡ್ ಅದನ್ನು ಅಂದಿನ ಮಾರುಕಟ್ಟೆ ದರಕ್ಕೆ ಹೂಡುತ್ತದೆ, ಬೇರೆ ದಾರಿಯಿಲ್ಲ. ಖರ್ಚು ಬಿಟ್ಟು ನೋಡೋಣ. ಹತ್ತು ಲಕ್ಷಕ್ಕೆ ಶೇ 7ರಂತೆ ಐದು ವರ್ಷ ಬರುವ ಬಡ್ಡಿ 3.50 ಲಕ್ಷ. ಒಟ್ಟು ಗಳಿಕೆ 4.03 ಲಕ್ಷ ಎಂದು ತೋರಿಸುವಾಗ ಉಳಿದ 53 ಸಾವಿರ ಬಡ್ಡಿಯ ಮೇಲಿನ ಬಡ್ಡಿ. ಅಷ್ಟು ಮಾತ್ರ ಅನಿಶ್ಚಿತ, ಒಪ್ಪೋಣ. ಆದರೆ ಇದೇ ಮಾತನ್ನು ಹತ್ತು ವರ್ಷದ ಫಂಡಿಗೂ ಹೇಳುವವರಿದ್ದಾರೆ. ಅಲ್ಲಿ ಬಡ್ಡಿ 7 ಲಕ್ಷ, ಗಳಿಕೆ 9.67 ಲಕ್ಷ. ನಡುವಿನ 2.67 ಲಕ್ಷ, ಅಂದರೆ ಗಳಿಕೆಯ ಕಾಲು ಭಾಗಕ್ಕೂ ಹೆಚ್ಚು, ಮುಂದಿನ ದರಗಳ ಕೈಯಲ್ಲಿದೆ. ಅವಧಿ ಉದ್ದವಾದಷ್ಟೂ 'ದರ ಕಟ್ಟಿಹಾಕಿದೆ' ಎಂಬ ಮಾತು ತೆಳುವಾಗುತ್ತದೆ.

ಕೊನೆಯ ಕೆಲವು ತಿಂಗಳಲ್ಲೂ ಒಂದು ಸೋರಿಕೆ ಇದೆ. ಫಂಡಿನಲ್ಲಿರುವ ಪತ್ರಗಳೆಲ್ಲ ಒಂದೇ ದಿನ ಮುಗಿಯುವುದಿಲ್ಲ. ಮೊದಲೇ ಮುಗಿದವುಗಳ ದುಡ್ಡು ಫಂಡ್ ಮುಚ್ಚುವವರೆಗೆ ಟ್ರೆಷರಿ ಬಿಲ್ಲಿನಂಥ ಅಲ್ಪಾವಧಿ ಕಾಗದದಲ್ಲಿ ಕೂರುತ್ತದೆ. ನಷ್ಟ ದೊಡ್ಡದಲ್ಲ, ಆದರೆ ಫ್ಯಾಕ್ಟ್‌ಶೀಟಿನ ವೈಟಿಎಂ ನೋಡಿ ರೂಪಾಯಿ ಪೈಸೆಯ ಲೆಕ್ಕ ಹಾಕಿದವರಿಗೆ ಕೊನೆಗೆ ಒಂದಿಷ್ಟು ಕಡಿಮೆ ಸಿಕ್ಕಾಗ ಕಾರಣ ತಿಳಿಯುವುದಿಲ್ಲ.

ನಿಜವಾದ ತೊಂದರೆ ತೋಟದ ಕಡೆಯಿಂದ ಬರುತ್ತದೆ. ಸಂಬಳದವರ ಐದು ವರ್ಷ ಬೇರೆ, ಬೆಳೆಗಾರರ ಐದು ವರ್ಷ ಬೇರೆ. ಫೆಬ್ರುವರಿಯಲ್ಲಿ ದುಡ್ಡು ಹಾಕಿದಿರಿ, ಮಾರ್ಚ್ ಕಳೆದರೂ ಹೂಮಳೆ ಬರಲಿಲ್ಲ. ಸ್ಪ್ರಿಂಕ್ಲರ್ ಹಚ್ಚಬೇಕು, ಡೀಸೆಲ್ ತರಬೇಕು, ಕೆರೆ ಹೂಳು ತೆಗೆಸಬೇಕು. ಹೂ ಕಾಯಿ ಕಟ್ಟುವ ಹೊತ್ತಿಗೆ ಇನ್ನೊಮ್ಮೆ ನೀರು. ಅಷ್ಟರಲ್ಲಿ ದರ ಒಂದು ಶೇಕಡಾ ಏರಿದ್ದರೆ ಮೂರು ತಿಂಗಳ ಬಡ್ಡಿ ಸೇರಿಯೂ ನಿಮ್ಮ ಹತ್ತು ಲಕ್ಷ ಸುಮಾರು 9.8 ಲಕ್ಷ. ಕೊನೆಯ ದಿನದವರೆಗೆ ಹಿಡಿದರೆ ಎಂಬ ಷರತ್ತು ಮುರಿದ ಕೂಡಲೇ ನಷ್ಟ ನಿಜವಾಗುತ್ತದೆ. ಎಫ್‌ಡಿ ಮುರಿದರೆ ಬಡ್ಡಿಯಲ್ಲಿ ಕಡಿತವಾಗಬಹುದು, ಅಸಲಿಗೆ ಕೈ ಬೀಳುವುದಿಲ್ಲ. ಮುರಿಯದೆಯೇ ಅದರ ಮೇಲೆ ಓವರ್‌ಡ್ರಾಫ್ಟ್ ತೆಗೆದುಕೊಂಡು ಕೊಯ್ಲಿನ ದುಡ್ಡು ಬಂದಾಗ ತೀರಿಸಬಹುದು. ಹಾಸನ, ಸಕಲೇಶಪುರದ ಬ್ಯಾಂಕ್ ಶಾಖೆಗಳಿಗೆ ಇದು ದಿನನಿತ್ಯದ ಕೆಲಸ.

ತುರ್ತಿಗೆ ಬೇರೆ ದುಡ್ಡಿದೆ, ಈ ಹತ್ತು ಲಕ್ಷ ಮುಟ್ಟುವುದೇ ಇಲ್ಲ ಎನ್ನುವವರಿಗೆ ನಾನು ತೋರಿಸುವುದು ಪೋಸ್ಟ್ ಆಫೀಸನ್ನು. ರಾಷ್ಟ್ರೀಯ ಉಳಿತಾಯ ಪತ್ರದ ದರವನ್ನು 2023ರ ಏಪ್ರಿಲ್‌ನಲ್ಲಿ ಶೇ 7.7ಕ್ಕೆ ಏರಿಸಿದರು. ಮೂರು ತಿಂಗಳಿಗೊಮ್ಮೆ ಸರ್ಕಾರ ದರವನ್ನು ಪರಿಶೀಲಿಸುತ್ತದೆ, ಆದ್ದರಿಂದ ಕೊಳ್ಳುವ ದಿನದ ದರ ಕೇಳಿಯೇ ಕೊಳ್ಳಬೇಕು. ಆದರೆ ಕೊಂಡ ದಿನದ ದರ ಐದು ವರ್ಷವೂ ಹಾಗೇ ಇರುತ್ತದೆ, ಬಡ್ಡಿ ಅದೇ ದರಕ್ಕೆ ಅಸಲಿಗೆ ಸೇರುತ್ತದೆ. ಶೇ 7.7ಕ್ಕೆ ಹತ್ತು ಲಕ್ಷ 14.49 ಲಕ್ಷವಾಗುತ್ತದೆ. ಫಂಡಿಗಿಂತ 60 ಸಾವಿರ ಹೆಚ್ಚು, ಮೇಲೆ ಸರ್ಕಾರದ ಖಾತರಿ, ಹೂಡಿಕೆಗೆ ಗರಿಷ್ಠ ಮಿತಿಯೂ ಇಲ್ಲ. ಬಡ್ಡಿಯ ಮೇಲಿನ ಬಡ್ಡಿಯೂ ಸೇರಿ ಎಲ್ಲವೂ ಮೊದಲೇ ಗೊತ್ತು. ಬೀಗ ಎಂದರೆ ಇದು. ಬಡ್ಡಿಗೆ ವರ್ಷ ವರ್ಷ ತೆರಿಗೆ ಲೆಕ್ಕವಾಗುತ್ತದೆ ನಿಜ. ಆದರೆ ಪರ ವಾದದವರೇ ತೋರಿಸಿದಂತೆ, ಅತಿ ಮೇಲಿನ ಸ್ಲ್ಯಾಬಿನಲ್ಲೂ ತೆರಿಗೆ ಮುಂದೂಡಿದ್ದರ ಲಾಭ ಹನ್ನೊಂದು ಸಾವಿರ.

ತೆರಿಗೆಯ ಮಾತು ಬಂದದ್ದರಿಂದ ಇನ್ನೊಂದು. 2023ರ ಏಪ್ರಿಲ್ 1ರ ನಂತರ ಕೊಂಡ ಇಂಥ ಫಂಡುಗಳಿಗೆ, ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿ ತೆರಿಗೆ ತಗ್ಗಿಸುವ ಇಂಡೆಕ್ಸೇಷನ್ ಇಲ್ಲ. ಎಷ್ಟು ವರ್ಷ ಹಿಡಿದರೂ ಲಾಭಕ್ಕೆ ನಿಮ್ಮ ಸ್ಲ್ಯಾಬಿನ ತೆರಿಗೆ. ಹಳೆಯ ಅನುಕೂಲ ನೆನೆದು ಈಗಲೂ ಶಿಫಾರಸು ಮಾಡುವವರಿದ್ದಾರೆ. ಫಂಡ್ ಮುಗಿದಾಗ ಐದು ವರ್ಷದ ಲಾಭ ಒಂದೇ ವರ್ಷದ ಆದಾಯಕ್ಕೆ ಬೀಳುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದುಕೊಂಡು ಬೆಳೆಗಾರರು ನಿರಾಳರಾಗುವಂತಿಲ್ಲ. ಬೇರೆ ಆದಾಯ ವಿನಾಯಿತಿ ಮಿತಿ ದಾಟಿದರೆ ಅದಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಕೃಷಿ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿಸಿ ಮಾರುವವರಿಗೆ ಆ ಆದಾಯದ ಶೇ 25 ಹೇಗೂ ತೆರಿಗೆಯೊಳಗೆ ಬರುತ್ತದೆ. ರೊಬಸ್ಟಾಗೆ ಒಳ್ಳೆಯ ಬೆಲೆ ಬಂದ ವರ್ಷವೇ ಫಂಡೂ ಮುಗಿದರೆ ಎರಡೂ ಒಂದರ ಮೇಲೊಂದು ಕೂರುತ್ತವೆ.

ಉಳಿತಾಯ ಪತ್ರಕ್ಕೂ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಖಾತೆದಾರರ ಸಾವಿನಂಥ ಕೆಲವು ಸಂದರ್ಭ ಬಿಟ್ಟರೆ ಅವಧಿಗೆ ಮೊದಲು ದುಡ್ಡು ತೆಗೆಯಲಾಗದು, ಬ್ಯಾಂಕಿಗೆ ಅಡವಿಡಬಹುದಷ್ಟೆ. ಅವಧಿಯೂ ಐದೇ ವರ್ಷ. ಮಗಳು ಈಗ ಒಂಬತ್ತನೇ ಕ್ಲಾಸಿನಲ್ಲಿದ್ದು ದುಡ್ಡು ಮೂರೇ ವರ್ಷಕ್ಕೆ ಬೇಕಿದ್ದರೆ ಇದು ಉಪಯೋಗಕ್ಕೆ ಬಾರದು. ಅಲ್ಲಿ ಮೂರು ವರ್ಷದ ಟಾರ್ಗೆಟ್ ಮೆಚ್ಯೂರಿಟಿ ಫಂಡಿಗೆ ನನ್ನ ವಿರೋಧವಿಲ್ಲ, ಸ್ಪ್ರಿಂಕ್ಲರ್ ಡೀಸೆಲ್ಲಿನ ದುಡ್ಡು ಎಫ್‌ಡಿಯಲ್ಲಿ ಬೇರೆಯಾಗಿ ಇದ್ದರೆ.