ಅಜೆಲಾಯಿಕ್ ಆಸಿಡ್ ಕೊಳ್ಳುವಾಗ ಪರ್ಸೆಂಟ್ ಒಂದನ್ನೇ ನೋಡಬೇಡಿ

ಮೊಡವೆಗೆ, ಮೊಡವೆ ಕಲೆಗಳಿಗೆ ಅಂತ ಮುಖಕ್ಕೆ ಹಚ್ಚೋ ಅಜೆಲಾಯಿಕ್ ಆಸಿಡ್ ಬಗ್ಗೆ ಮಾತು ಬಂದ್ರೆ ಎಲ್ಲರೂ ಮೊದಲು ಕೇಳೋದು, "ಎಷ್ಟು ಪರ್ಸೆಂಟ್ ತಗೊಳ್ಳಲಿ?" ಅಂತ. 10ಕ್ಕಿಂತ 15 ಜೋರು, 15ಕ್ಕಿಂತ 20 ಇನ್ನೂ ಜೋರು ಅನ್ನೋ ಲೆಕ್ಕ. ಈ ಆಸಿಡ್ ವಿಷಯದಲ್ಲಿ ಆ ಲೆಕ್ಕ ನಡೆಯಲ್ಲ. ಅದನ್ನ ಯಾವುದರಲ್ಲಿ ಕಲಸಿದ್ದಾರೆ ಅನ್ನೋದು ಅಷ್ಟೇ ಮುಖ್ಯ.

ಕಾರಣ ಇಷ್ಟೇ: ಇದು ನೀರಲ್ಲಿ ಸರಿಯಾಗಿ ಕರಗಲ್ಲ. 10% ಅಂತ ಸಿಗೋ ಎಷ್ಟೋ ಕ್ರೀಮುಗಳಲ್ಲಿ ನುಣ್ಣನೆ ಪುಡಿಯನ್ನ ಸಿಲಿಕೋನ್ ಬೇಸ್‌ನಲ್ಲಿ ಬೆರೆಸಿರ್ತಾರೆ. ಎರಡು ಬೆರಳ ನಡುವೆ ಉಜ್ಜಿ ನೋಡಿ, ಸಣ್ಣಗೆ ತರಿತರಿ ಅನಿಸಬಹುದು. ಮುಖಕ್ಕೆ ಹಚ್ಚಿ ಮೇಲೆ ಸನ್‌ಸ್ಕ್ರೀನ್ ಉಜ್ಜಿದ್ರೆ ಸಣ್ಣ ಸಣ್ಣ ಉಂಡೆಗಳಾಗಿ ಉದುರೋದೂ ಈ ಬೇಸ್‌ನಿಂದಲೇ. ಕ್ರೀಮ್ ಕೆಟ್ಟಿದೆ ಅಂತ ಎಸೀಬೇಡಿ. ಕಡಿಮೆ ಹಚ್ಚಿ, ಪೂರ್ತಿ ಆರೋಕೆ ಬಿಡಿ, ಆಮೇಲೆ ಸನ್‌ಸ್ಕ್ರೀನನ್ನ ಉಜ್ಜದೆ ಒತ್ತಿ ಹಚ್ಚಿ. ಇನ್ನು ನೀರಿನಷ್ಟು ತಿಳಿಯಾಗಿರೋ ಸೀರಮ್ ಸಿಕ್ಕಿದ್ರೆ ಬಾಟಲಿ ಹಿಂದೆ ಇರೋ ಪದಾರ್ಥಗಳ ಪಟ್ಟಿ ಓದಿ. ಅಲ್ಲಿ ಪೊಟ್ಯಾಸಿಯಂ ಅಜೆಲಾಯ್ಲ್ ಡೈಗ್ಲೈಸಿನೇಟ್ ಅಂತ ಇದ್ರೆ ಅದು ನೀರಲ್ಲಿ ಕರಗೋ ಬೇರೆ ರೂಪ. ಹಚ್ಚೋಕೆ ಹಗುರ, ಉರಿಯೂ ಕಡಿಮೆ, ಆದ್ರೆ ಅದರ ಪರ್ಸೆಂಟನ್ನ ಅಜೆಲಾಯಿಕ್ ಆಸಿಡ್‌ನ ಪರ್ಸೆಂಟ್ ಜೊತೆ ಹೋಲಿಸೋಕಾಗಲ್ಲ.

ಡಾಕ್ಟರು ಸಾಮಾನ್ಯವಾಗಿ ಬರೆಯೋದು 15% ಜೆಲ್ ಅಥವಾ 20% ಕ್ರೀಮ್. ಜೆಲ್‌ನಲ್ಲಿ ಕರಗಿರೋ ಪಾಲು ಹೆಚ್ಚು, ಹಾಗಾಗಿ ಅಂಕಿ ಚಿಕ್ಕದಾದ್ರೂ ಚರ್ಮದೊಳಗೆ ಚೆನ್ನಾಗಿ ಇಳಿಯುತ್ತೆ. ಕ್ರೀಮ್ ದಪ್ಪ, ಒಣ ಚರ್ಮಕ್ಕೆ ಹಿತ.

ನನ್ನ ತಂಗಿ ಮೊಡವೆ ಕಲೆಗಳಿಗೆ ಅಂತ 10% ಬಿಟ್ಟು 15% ಜೆಲ್ ಶುರು ಮಾಡಿದಾಗ, ಮೊದಲ ರಾತ್ರಿಯೇ, "ಅಕ್ಕಾ, ದವಡೆ ಮೇಲೆಲ್ಲ ಇರುವೆ ಹರಿದಾಡಿದ ಹಾಗಾಗ್ತಿದೆ" ಅಂದ್ಲು. ಕನ್ನಡಿ ಮುಂದೆ ನಿಲ್ಲಿಸಿ ನೋಡಿದೆ. ಊತ ಇಲ್ಲ, ಗುಳ್ಳೆ ಇಲ್ಲ, ಬರೀ ನವೆ. ಸ್ವಲ್ಪ ಹೊತ್ತಿಗೆ ತಾನಾಗೇ ಇಳೀತು. ಅವಳು ಮುಖ ತೊಳೆದು, ಹಸಿ ಚರ್ಮದ ಮೇಲೇ ಹಚ್ಚಿದ್ದಳು. ಮರುದಿನದಿಂದ ಮುಖ ಪೂರ್ತಿ ಒಣಗಿಸಿ, ತೆಳುವಾಗಿ ಮಾಯಿಶ್ಚರೈಸರ್ ಹಾಕಿ, ಅದರ ಮೇಲೆ ಬಟಾಣಿ ಕಾಳಿನಷ್ಟು ಜೆಲ್, ಅದೂ ದಿನ ಬಿಟ್ಟು ದಿನ. ಕೆಲವು ವಾರಗಳಲ್ಲಿ ನವೆ ನಿಂತೇ ಹೋಯ್ತು, ಆಮೇಲೆ ದಿನಾ ಹಚ್ಚೋಕೆ ಶುರು ಮಾಡಿದ್ಲು.

ಹಚ್ಚಿದ ತಕ್ಷಣ ಶುರುವಾಗಿ ಅರ್ಧ ಗಂಟೆಯೊಳಗೆ ಇಳಿಯೋ ನವೆ, ಚುರುಚುರು ಇದಕ್ಕೆ ಮಾಮೂಲಿ. ಬೆಳಗ್ಗೆ ಎದ್ದಾಗಲೂ ಮುಖ ಕೆಂಪಗಿದ್ರೆ, ಊದಿಕೊಂಡ್ರೆ, ಗುಳ್ಳೆ ಎದ್ರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸಲೇಬೇಕು.

ಮೊಡವೆ ತಗ್ಗೋಕೆ ಒಂದೆರಡು ತಿಂಗಳು, ಕಲೆ ತಿಳಿಯಾಗೋಕೆ ಮೂರು ತಿಂಗಳೋ ಇನ್ನೂ ಹೆಚ್ಚೋ ಬೇಕು, ಹಗಲಲ್ಲಿ ಸನ್‌ಸ್ಕ್ರೀನ್ ಬಿಟ್ರೆ ಅದೂ ಆಗಲ್ಲ. ಅಷ್ಟು ದಿನ ಹಚ್ಚಿದ್ಮೇಲೂ 10% ಕ್ರೀಮ್‌ನಿಂದ ಏನೂ ಆಗದಿದ್ರೆ ಇನ್ನೊಂದು ಕಂಪನಿಯ 10% ಹುಡುಕಬೇಡಿ, ಡಾಕ್ಟರ ಹತ್ರ 15% ಜೆಲ್ ಬಗ್ಗೆ ಕೇಳಿ.