ಬಿಲ್ ಮೂರವೆ, ಕ್ರಿಯಾಪದ ಒಂದೇ ಅದೆ

ತಪ್ಪಿರುವ ವಾಕ್ಯವನ್ನು ತಿದ್ದಿಕೊಡುವುದು ಸುಲಭ. ಸರಿಯಿರುವ ವಾಕ್ಯವನ್ನು ಸರಿ ಅಂತ ನಂಬಿಸುವುದೇ ಕಷ್ಟ. ಮಂಡ್ಯದ ನಮ್ಮ ಆಫೀಸಿನಲ್ಲಿ ಇದಕ್ಕೊಂದು ಇಡೀ ಮಧ್ಯಾಹ್ನ ಹೋಯಿತು.

ಪಕ್ಕದ ಸೀಟಿನವರು ಹೆಡ್ ಆಫೀಸಿಗೆ ಈಮೇಲ್ ಬರೆಯುತ್ತಿದ್ದರು. ಅದರಲ್ಲಿ ಒಂದು ಸಾಲು: 'ಮೂರು ಬಿಲ್‌ಗಳನ್ನು ಈ ಪತ್ರದೊಂದಿಗೆ ಲಗತ್ತಿಸಲಾಗಿದೆ.' ಕರಡನ್ನು ಪ್ರಿಂಟ್ ಹಾಕಿ, ಆ ಸಾಲಿಗೆ ಗೆರೆ ಎಳೆದು, ನನ್ನ ಟೇಬಲ್ಲಿಗೆ ಕಳಿಸಿದರು. ನಾನು ಒಂದು ಚೀಟಿಯಲ್ಲಿ 'ವಾಕ್ಯ ಸರಿಯಾಗಿದೆ, ಹಾಗೇ ಕಳಿಸಿ' ಎಂದು ಬರೆದುಕೊಟ್ಟೆ.

ಚೀಟಿ ಹಿಡಿದುಕೊಂಡು ಅವರೇ ಬಂದರು. "ಸಾ, ಬಿಲ್ ಮೂರವೆ, ಕ್ರಿಯಾಪದ ಒಂದೇ ಅದೆ. 'ಲಗತ್ತಿಸಲಾಗಿವೆ' ಅನ್ಬೇಕಲ್ವಾ?"

ಟೈಪಿಸ್ಟ್ ಮೇಡಂ 'ಇವೆ' ಪಕ್ಷ ಸೇರಿದರು. ಟೀ ತಂದ ಹುಡುಗನೂ ನಿಂತುಬಿಟ್ಟ.

ಒಂದು ಹೆಸರಿಗೆ 'ಅನ್ನು' ಅಂಟಿಕೊಂಡಿತೆಂದರೆ, ಅದು ಆ ವಾಕ್ಯದ ಯಜಮಾನಿಕೆ ಬಿಟ್ಟಂತೆ. ಕ್ರಿಯಾಪದ ಅದರ ಮಾತು ಕೇಳುವುದಿಲ್ಲ. ಕಬ್ಬಿನ ಗಾಡಿಗಳು ತಾವೇ ಬಂದು ನಿಂತರೆ 'ಗಾಡಿಗಳು ನಿಂತಿವೆ'. ಯಾರೋ ನಿಲ್ಲಿಸಿದರೆ 'ಗಾಡಿಗಳನ್ನು ನಿಲ್ಲಿಸಲಾಗಿದೆ'. ಗಾಡಿ ಒಂದಿರಲಿ, ನೂರಿರಲಿ, 'ಲಾಗಿದೆ' ಅಲ್ಲಾಡುವುದಿಲ್ಲ. ಆ 'ಅನ್ನು' ತೆಗೆದು ಬಿಲ್‌ಗಳನ್ನೇ ಯಜಮಾನರನ್ನಾಗಿ ಮಾಡಿದರೆ ಮಾತು ಬೇರೆ. ಆಗ 'ಬಿಲ್‌ಗಳು ಲಗತ್ತಿಸಲ್ಪಟ್ಟಿವೆ' ಎನ್ನಬೇಕು. ಹಾಗೆ ಬರೆಯುವುದಕ್ಕಿಂತ ಬಿಲ್ ಕೈಲಿ ಹಿಡಿದು ಬಸ್ ಹತ್ತುವುದು ವಾಸಿ.

ಅವರ ಮುಖದ ಅನುಮಾನ ಇಳಿಯಲಿಲ್ಲ. ಕೊನೆಗೆ ಕೇಳಿದೆ: "ಐದು ಜನ ನೌಕರರನ್ನು ವರ್ಗಾಯಿಸಲಾಗಿದೆ ಅಂತೀರೋ, ವರ್ಗಾಯಿಸಲಾಗಿದ್ದಾರೆ ಅಂತೀರೋ?"

"ಥೂ, ಅದೆಂಗಾದದು ಸಾ!" ಎಂದರು. ವರ್ಗಾವಣೆ ಅಂದರೆ ನಮ್ಮಲ್ಲಿ ಎಲ್ಲರಿಗೂ ಬೇಗ ಅರ್ಥವಾಗುತ್ತದೆ.

ಅಷ್ಟಕ್ಕೂ ಇಷ್ಟು ಕಷ್ಟ ಯಾಕೆ, 'ನಾನು ಮೂರು ಬಿಲ್‌ಗಳನ್ನು ಲಗತ್ತಿಸಿದ್ದೇನೆ' ಅಂತ ನೇರವಾಗಿ ಬರೆಯಬಾರದೇ ಎಂದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾಳೆ ಯಾವ್ದಾದ್ರೂ ಬಿಲ್ ತಪ್ಪು ಅಂತ ಬಂದ್ರೆ, ಕಳಿಸ್ದೋರು ಯಾರು ಅಂತ ಗೊತ್ತಾಗೋಗ್ತದಲ್ಲ ಸಾ?"

'ಲಾಗಿದೆ' ಎನ್ನುವುದು ಆಫೀಸುಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರುವುದು ಸುಮ್ನೆ ಅಲ್ಲ. ಅದರಲ್ಲಿ ಕೆಲಸ ಆಗಿರುತ್ತದೆ, ಮಾಡಿದವರು ಮಾತ್ರ ಇರುವುದಿಲ್ಲ.

ಈಮೇಲ್ ಹೋಯಿತು. ಸಂಜೆ ಹೆಡ್ ಆಫೀಸಿನಿಂದ ಫೋನ್. ವ್ಯಾಕರಣದ ಬಗ್ಗೆ ಒಂದು ಮಾತೂ ಇಲ್ಲ.

"ಮೂರು ಅಂತ ಬರೆದಿದ್ದೀರಿ, ನಾಲ್ಕು ಬಂದಿವೆಯಲ್ರೀ?"

ಸಹೋದ್ಯೋಗಿ ನನ್ನ ಕಡೆ ನೋಡಿ ಹಲ್ಲು ಕಿರಿದರು. ಅಲ್ಲಿ ಯಾರಾದರೂ 'ಇವೆ' ಅಂತ ತಕರಾರು ತೆಗೆದರೆ ಇರಲಿ ಎಂದು, ನನ್ನ ಚೀಟಿಯನ್ನೂ ಸ್ಕ್ಯಾನ್ ಮಾಡಿ ಲಗತ್ತಿಸಲಾಗಿತ್ತು.